ಗೇಟಿಗೆ ಅಂಟಿಸಿದ ಕಾಗದ, ಅಂಚೆಯಲ್ಲಿ ಬಂದ ಲಕೋಟೆ

ನಿವೃತ್ತ ಮೇಷ್ಟ್ರೊಬ್ಬರು ಕಳೆದ ವರ್ಷ ನನ್ನ ಕಚೇರಿಗೆ ಬಂದಾಗ ಅವರ ಕೈಯಲ್ಲಿ ಒಂದು ಕಾಗದವಿತ್ತು. ಅದರ ನಾಲ್ಕು ಮೂಲೆಗಳಲ್ಲೂ ಗೋಂದಿನ ಕಲೆ. ಪಾಲಿಕೆಯವರು ಗೇಟಿಗೆ ಅಂಟಿಸಿ ಹೋಗಿದ್ದ ಮನೆ ಕೆಡವುವ ನೋಟಿಸನ್ನು ಹಾಗೆಯೇ ಕಿತ್ತು ತಂದಿದ್ದರು. "ಏಳು ದಿನ ಎಂದು ಬರೆದಿದ್ದಾರೆ, ಅದು ಮುಗಿದೇ ಹೋಗಿದೆ. ನಾಳೆ ಜೆಸಿಬಿ ಬರುತ್ತದೆಯೇ ವಕೀಲರೇ?" ಎಂದರು.

ಕಾಗದದ ಮೇಲಿದ್ದ ದಿನಾಂಕ 3. ಗೇಟಿಗೆ ಅಂಟಿದ್ದು 19ರಂದು. ಅಂಚೆಯಲ್ಲಿ ಏನಾದರೂ ಬಂತೇ ಎಂದು ಕೇಳಿದೆ. 21ರಂದು ಬಂದಿತ್ತು. ಒಳಗಿದ್ದದ್ದು ಇದೇ ಒಕ್ಕಣೆಯ ಕಾಗದವಾದ್ದರಿಂದ ಲಕೋಟೆಯನ್ನು ಮನೆಯಲ್ಲಿಯೇ ಬಿಟ್ಟು ಬಂದಿದ್ದರು. ಉಳಿದ ಮಾತು ಆಮೇಲೆ, ಮೊದಲು ಹೋಗಿ ಆ ಲಕೋಟೆಯನ್ನು ತನ್ನಿ ಎಂದೆ. ಇಂಥ ಪ್ರಕರಣಗಳಲ್ಲಿ ಒಳಗಿನ ಕಾಗದಕ್ಕಿಂತ ಹೊರಗಿನ ಮುದ್ರೆಯೇ ಹೆಚ್ಚು ಮಾತನಾಡುತ್ತದೆ.

ಬಹುತೇಕರನ್ನು ಹೆದರಿಸುವುದು ಕಾಗದದ ತಲೆಬರಹ. ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮ 1976ರ 321ನೆಯ ಪ್ರಕರಣದಲ್ಲಿ ಆಯುಕ್ತರು ಮೊದಲು ಹೊರಡಿಸುವುದನ್ನೇ 'ಆದೇಶ' ಎಂದು ಕರೆಯಲಾಗಿದೆ. ಆದರೆ ಅದು ತಾತ್ಕಾಲಿಕ ಆದೇಶ. ಅದರ ಜೊತೆಗೆ, ಇದನ್ನು ಏಕೆ ಸ್ಥಿರೀಕರಿಸಬಾರದು ಎಂದು ಕೇಳುವ ಕಾರಣ ಕೇಳಿ ನೋಟಿಸ್ ಇರಲೇಬೇಕು. ಮಾಲೀಕರ ಸಮಜಾಯಿಷಿಯನ್ನು ನೋಡಿದ ಬಳಿಕ ಮೂರನೆಯ ಉಪಪ್ರಕರಣದಡಿ ಹೊರಡುವ ಸ್ಥಿರೀಕರಣ ಆದೇಶಕ್ಕೆ ಮಾತ್ರ ಕೆಡವುವ ಬಲವಿದೆ. ಮೊದಲ ಕಾಗದ ಬಂದ ದಿನವೇ ಹೈಕೋರ್ಟಿಗೆ ಓಡುವವರಿದ್ದಾರೆ. ಇನ್ನೂ ಏನೂ ಅಂತಿಮವಾಗಿಲ್ಲ, ಹೋಗಿ ಉತ್ತರ ಕೊಡಿ ಎಂದು ಅಲ್ಲಿಂದ ವಾಪಸ್ಸಾಗುವುದೇ ಸಾಮಾನ್ಯ. ಅದೇ ಕಾಗದವನ್ನು ಮಡಚಿ ಬೀರುವಿನಲ್ಲಿಟ್ಟು ಮರೆಯುವವರೂ ಇದ್ದಾರೆ. ಅವರ ಪಾಡು ಇನ್ನೂ ಕಷ್ಟ, ಏಕೆಂದರೆ ಉತ್ತರ ಬಾರದಿದ್ದರೆ ಆಯುಕ್ತರು ಸ್ಥಿರೀಕರಿಸಲು ಅಡ್ಡಿಯೇ ಇಲ್ಲ.

ಇನ್ನು ದಿನಗಳ ಲೆಕ್ಕ. 'ಸಮಂಜಸ ಕಾಲಾವಕಾಶ' ಎಂದಷ್ಟೇ ನಮ್ಮ ಅಧಿನಿಯಮ ಹೇಳುತ್ತದೆ. ಆ ಸಡಿಲಿಕೆಯಲ್ಲಿಯೇ ಮೂರು ದಿನ, ಏಳು ದಿನಗಳ ನೋಟಿಸುಗಳು ಹುಟ್ಟಿಕೊಂಡವು. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ ಅವರ ಪೀಠ ಇದಕ್ಕೊಂದು ಗೆರೆ ಎಳೆಯಿತು. ಸ್ಥಳೀಯ ಕಾನೂನು ಕೊಟ್ಟ ಅವಧಿ ಅಥವಾ ನೋಟಿಸ್ ತಲುಪಿದ ದಿನದಿಂದ 15 ದಿನ, ಇವೆರಡರಲ್ಲಿ ಯಾವುದು ದೀರ್ಘವೋ ಅದು. ನೋಟಿಸನ್ನು ಸ್ವೀಕೃತಿಯುಳ್ಳ ನೋಂದಾಯಿತ ಅಂಚೆಯಲ್ಲಿ ಕಳುಹಿಸಬೇಕು, ಕಟ್ಟಡದ ಹೊರಭಾಗದಲ್ಲಿ ಕಾಣುವಂತೆ ಅಂಟಿಸಲೂ ಬೇಕು. ಹಳೆಯ ದಿನಾಂಕ ಹಾಕುವ ಚಾಳಿ ನ್ಯಾಯಾಲಯಕ್ಕೂ ಗೊತ್ತಿತ್ತು ಎಂದು ಕಾಣುತ್ತದೆ. ನೋಟಿಸ್ ಜಾರಿಯಾದೊಡನೆ ಜಿಲ್ಲಾಧಿಕಾರಿ ಕಚೇರಿಗೆ ಇಮೇಲ್ ಹೋಗಬೇಕು, ಅಲ್ಲಿಂದ ತಾನಾಗಿಯೇ ಸ್ವೀಕೃತಿ ಬರಬೇಕು ಎಂದು ಪೀಠ ಹೇಳಿತು. ಮೇಷ್ಟ್ರ ಲೆಕ್ಕ ಹೀಗೆ 21ರಿಂದ ಶುರುವಾಗಿ ಮುಂದಿನ ತಿಂಗಳ ಮೊದಲ ವಾರದವರೆಗೂ ಹೋಯಿತು. 3ನೆಯ ತಾರೀಖಿನ ಕಾಗದ 21ರಂದು ಕೈಸೇರಿತು ಎನ್ನುವುದಕ್ಕೆ ಲಕೋಟೆಯ ಅಂಚೆ ಮುದ್ರೆಯೇ ಸಾಕ್ಷಿ.

ಎರಡನೆಯ ಕೊರತೆ ಒಕ್ಕಣೆಯಲ್ಲಿತ್ತು. 'ಮಂಜೂರಾದ ನಕ್ಷೆಗೆ ವಿರುದ್ಧವಾಗಿ ಕಟ್ಟಲಾಗಿದೆ', ಅಷ್ಟೇ. ಎಲ್ಲಿ, ಎಷ್ಟು ಎಂಬ ಅಳತೆಯಿಲ್ಲ. ಉಲ್ಲಂಘನೆ ಏನು, ಉತ್ತರದ ಜೊತೆ ಯಾವ ದಾಖಲೆಗಳನ್ನು ಕೊಡಬೇಕು, ಖುದ್ದು ವಿಚಾರಣೆ ಯಾವ ದಿನ, ಯಾರ ಮುಂದೆ ಎಂಬುದೆಲ್ಲ ನೋಟಿಸಿನಲ್ಲಿಯೇ ಇರಬೇಕೆಂದು ಅದೇ ತೀರ್ಪು ಹೇಳುತ್ತದೆ. ಆದರೂ ನೋಟಿಸಿನಲ್ಲಿ ದೋಷವಿದೆ ಎಂದು ಸುಮ್ಮನೆ ಕೂರಬಾರದು. ಅವಧಿಯೊಳಗೆ ಉತ್ತರ ಬರೆದೆವು. ಅಳತೆಯ ವರದಿ ಮತ್ತು ಸ್ಥಳ ಮಹಜರಿನ ಪ್ರತಿ ಕೇಳಿದೆವು. ಟಪಾಲು ಶಾಖೆಯಲ್ಲಿ ನಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡೆವು.

ಅದಕ್ಕೂ ಮೊದಲು ಖಾಸಗಿ ಎಂಜಿನಿಯರೊಬ್ಬರಿಂದ ಮನೆಯನ್ನು ಅಳೆಸಿದ್ದೆ. ಕಕ್ಷಿದಾರರು ಹೇಳುವುದನ್ನು ನಂಬಿ ಉತ್ತರ ಬರೆದು ಪೆಟ್ಟು ತಿಂದ ಅನುಭವ ನನಗಿದೆ. ನಿವೇಶನ 30×40. ಮಂಜೂರಾಗಿದ್ದು ನೆಲಮಹಡಿ ಮತ್ತು ಮೊದಲ ಮಹಡಿ. ಎಡಬದಿಯಲ್ಲಿ 1 ಮೀಟರ್ ಖಾಲಿ ಬಿಡಬೇಕಿತ್ತು, ಟೇಪು ತೋರಿಸಿದ್ದು 96 ಸೆಂಟಿಮೀಟರ್. ಅದು ಉಪವಿಧಿಗಳು ದಂಡ ಕಟ್ಟಿಸಿಕೊಂಡು ಮನ್ನಿಸುವ ಮಿತಿಯೊಳಗಿತ್ತು. ಆದರೆ ಮೇಲೆ ತಾರಸಿಯಲ್ಲಿ ಶೀಟು ಹೊದಿಸಿದ ಎರಡು ಬಾಡಿಗೆ ಕೋಣೆಗಳಿದ್ದವು. ಅವುಗಳಿಗೆ ಯಾವ ಪರವಾನಗಿಯೂ ಇರಲಿಲ್ಲ, ಹೊಸ ನಕ್ಷೆ ಕೊಡಲು ನಿವೇಶನದ ಎಫ್‌ಎಆರ್, ಅಂದರೆ ಅಲ್ಲಿ ಕಟ್ಟಬಹುದಾದ ಒಟ್ಟು ವಿಸ್ತೀರ್ಣದ ಮಿತಿ ಕೂಡ ಉಳಿದಿರಲಿಲ್ಲ. "ಮೇಷ್ಟ್ರೇ, ಮೇಲಿನದನ್ನು ಉಳಿಸಲಾಗದು" ಎಂದು ಅವತ್ತೇ ಹೇಳಿದೆ. ಅವರಿಗೆ ಬೇಸರವಾಯಿತು. ನೋಟಿಸಿನಲ್ಲಿ ತಪ್ಪಿದೆ ಎಂದ ಮಾತ್ರಕ್ಕೆ ಕಟ್ಟಡ ಸಕ್ರಮವಾಗುವುದಿಲ್ಲ ಎಂಬ ಮಾತು ಯಾವ ಕಕ್ಷಿದಾರರಿಗೂ ರುಚಿಸುವುದಿಲ್ಲ.

ವಿಚಾರಣೆ ಹತ್ತು ನಿಮಿಷದಲ್ಲಿ ಮುಗಿಯಿತು. ನಡಾವಳಿ ಬರೆಯಬೇಕೆಂದು ಕೇಳಿಕೊಂಡೆ, ಒಲ್ಲದ ಮನಸ್ಸಿನಿಂದ ಬರೆದರು. ತಿಂಗಳ ನಂತರ ಬಂದ ಸ್ಥಿರೀಕರಣ ಆದೇಶದಲ್ಲಿದ್ದದ್ದು ಒಂದೇ ಸಾಲು: ಸಮಜಾಯಿಷಿ ತೃಪ್ತಿಕರವಾಗಿಲ್ಲ, ಆದ್ದರಿಂದ ಉಲ್ಲಂಘನೆಯ ಭಾಗವನ್ನೆಲ್ಲ ತೆರವುಗೊಳಿಸತಕ್ಕದ್ದು. ಎಡಬದಿಯ ಗೋಡೆಯೂ ಅದರಲ್ಲಿ ಸೇರಿತು. ಆ ಗೋಡೆ ಬಿದ್ದರೆ ಮನೆಯೇ ಬೀಳುತ್ತದೆ. ಮಾಲೀಕರ ವಾದವೇನು, ಅದನ್ನು ಒಪ್ಪದಿದ್ದರೆ ಏಕೆ, ದಂಡದಿಂದ ಸರಿಪಡಿಸಬಹುದಾದ ಭಾಗ ಯಾವುದು, ಕೆಡವುವುದೊಂದೇ ದಾರಿ ಏಕಾಯಿತು ಎಂಬುದನ್ನು ಅಂತಿಮ ಆದೇಶದಲ್ಲಿ ಬರೆಯಬೇಕೆಂದು ತೀರ್ಪು ವಿಧಿಸಿರುವುದು ಇಂಥ ಸಾಲುಗಳಿಗಾಗಿಯೇ.

ಅಂತಿಮ ಆದೇಶ ಕೈಸೇರಿದ ಮೇಲೂ 15 ದಿನ ಕೆಡವುವಂತಿಲ್ಲ. ಮಾಲೀಕರು ತಾವೇ ತೆರವು ಮಾಡುವುದಕ್ಕೋ ಮೇಲ್ಮನವಿ ಸಲ್ಲಿಸುವುದಕ್ಕೋ ಇರುವ ಸಮಯ ಅದು. ಆ ಅವಕಾಶ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಪ್ರಯಾಗರಾಜ್ ಪ್ರಕರಣವಿದೆ. ಅಲ್ಲಿ ನೋಂದಾಯಿತ ಅಂಚೆ ಕೈಸೇರಿದ್ದು 2021ರ ಮಾರ್ಚ್ 6ರಂದು, ಮನೆಗಳು ಉರುಳಿದ್ದು ಮಾರ್ಚ್ 7ರಂದು. 2025ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಆ ಮನೆಗಳವರಿಗೆ ತಲಾ 10 ಲಕ್ಷ ರೂಪಾಯಿ ಕೊಡಿಸಿತು. ಕೆಡವಿದ ಮನೆ ಮಾತ್ರ ಕೆಡವಿದ್ದೇ.

ನಾವು ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋದೆವು, ಜೊತೆಗೇ ತಡೆಯಾಜ್ಞೆಯ ಅರ್ಜಿಯನ್ನೂ ಹಾಕಿದೆವು. ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಯಂತ್ರ ನಿಲ್ಲುವುದಿಲ್ಲ, ತಡೆಯಾಜ್ಞೆ ಬೇಕು, ಅದರ ಪ್ರತಿ ಪಾಲಿಕೆಗೆ ಅದೇ ದಿನ ಮುಟ್ಟಬೇಕು. ಕಾರಣಗಳೇ ಇಲ್ಲದ ಆದೇಶ ಎಂಬ ಒಂದೇ ಅಂಶದ ಮೇಲೆ ಪ್ರಕರಣ ಆಯುಕ್ತರ ಬಳಿ ಮರುವಿಚಾರಣೆಗೆ ಬಂತು.

ಇದೆಲ್ಲ ಸ್ವಂತ ನಿವೇಶನದ ಮಾತು. ರಸ್ತೆ, ಪಾದಚಾರಿ ಮಾರ್ಗ, ನದಿ, ಕೆರೆಯಂಥ ಜಾಗದಲ್ಲಿ ಎದ್ದ ಕಟ್ಟಡಕ್ಕೆ, ನ್ಯಾಯಾಲಯವೇ ಕೆಡವಲು ಹೇಳಿದ್ದಕ್ಕೆ ಈ 15 ದಿನಗಳ ರಕ್ಷಣೆ ಅನ್ವಯಿಸುವುದಿಲ್ಲ. ಕೆರೆಯ ಅಂಚಿನವರು ಬಂದರೆ ನಾನು ನೋಟಿಸಿನ ದಿನಾಂಕ ನೋಡುವುದಿಲ್ಲ, ಸರ್ವೆ ನಕ್ಷೆಯನ್ನು ಕೇಳುತ್ತೇನೆ. ಗಡಿ ಎಲ್ಲಿದೆ ಎಂಬುದೇ ಅಲ್ಲಿ ಇಡೀ ವ್ಯಾಜ್ಯ.

ಮರುವಿಚಾರಣೆಗೆ ಮುನ್ನ ಪಾಲಿಕೆಯ ಎಂಜಿನಿಯರ್ ಮೊದಲ ಬಾರಿಗೆ ಟೇಪು ಹಿಡಿದು ಮನೆಗೆ ಬಂದರು, ಕಡತದಲ್ಲಿ 96 ಸೆಂಟಿಮೀಟರ್ ಎಂದು ಬರೆದುಕೊಂಡರು. ಹೊಸ ಆದೇಶದಲ್ಲಿ ಎಡಗೋಡೆಗೆ ದಂಡ, ತಾರಸಿಯ ಕೋಣೆಗಳಿಗೆ ತೆರವು. ಬಾಡಿಗೆಯವರನ್ನು ಬೇರೆಡೆಗೆ ಕಳುಹಿಸಿದ ಮೇಷ್ಟ್ರು 15 ದಿನಗಳೊಳಗೆ ತಮ್ಮದೇ ಗಾರೆ ಕೆಲಸದವರನ್ನು ಕರೆಸಿ ಶೀಟುಗಳನ್ನು ಒಡೆಯದಂತೆ ಇಳಿಸಿದರು, ಕಿಟಕಿ ಬಾಗಿಲುಗಳನ್ನು ಮಾರಿದರು.