ಏಳಕ್ಕೆ ಹತ್ತು, ಸರಿ. ಗಡಿಯಾರ ಎಲ್ಲಿಂದ ಶುರು?

ವಿಕಿರಣ ಸುರಕ್ಷತೆಯ ತರಬೇತಿಗೆ ಬರುವ ಪ್ರತಿ ತಂಡಕ್ಕೂ ನಾನು ಮೊದಲ ದಿನ ಏಳು-ಹತ್ತರ ನಿಯಮ ಹೇಳುತ್ತೇನೆ: ಬಾಂಬ್ ಸಿಡಿದ ಮೇಲೆ ಕಳೆದ ಸಮಯ ಏಳು ಪಟ್ಟಾದಾಗಲೆಲ್ಲ ಅದರ ಧೂಳಿನ ವಿಕಿರಣದ ದರ ಸುಮಾರು ಹತ್ತರಲ್ಲೊಂದು ಪಾಲಾಗುತ್ತದೆ. ಆಮೇಲೆ ಎಲ್ಲರಿಗೂ ಒಂದೇ ಲೆಕ್ಕ ಕೊಡುತ್ತೇನೆ. ಅಣುಬಾಂಬ್ ಸಿಡಿದು 1 ಗಂಟೆಯಾದಾಗ ಒಂದು ಜಾಗದಲ್ಲಿ ವಿಕಿರಣ ಧೂಳಿನ ಡೋಸ್ ದರ, ಅಂದರೆ ಒಂದು ಗಂಟೆಗೆ ಮೈಗೆ ಬೀಳುವ ವಿಕಿರಣ, 1000 ಇದೆ. 21 ಗಂಟೆಯಾದಾಗ ಎಷ್ಟಿರುತ್ತದೆ?

ಅರ್ಧ ತರಗತಿ 1 ಅಂತ ಬರೆಯುತ್ತದೆ. ಸರಿಯಾದ ಉತ್ತರ ಸುಮಾರು 26.

ಅವರು ಮಾಡಿದ್ದು ಇಷ್ಟೇ. 7 ಗಂಟೆಗೆ 100, 14ಕ್ಕೆ 10, 21ಕ್ಕೆ 1. "ಏಳು ಗಂಟೆಗೊಂದು ಸಲ ಹತ್ತರಲ್ಲೊಂದು ಪಾಲಾಗುತ್ತೆ ಅಂತ ನೀವೇ ಹೇಳಿದ್ರಲ್ಲ ಸರ್?" ಅಂತ ಕೇಳುತ್ತಾರೆ. ನಾನು ಹೇಳಿದ್ದು ಏಳು ಪಟ್ಟು ಅಂತ. ಹೇಳುವಾಗ ಎಲ್ಲರೂ ತಲೆಯಾಡಿಸುತ್ತಾರೆ, ಬರೆಯುವಾಗ ಪೆನ್ನು ಮಾತ್ರ ಏಳೇಳು ಗಂಟೆ ಕೂಡಿಸುತ್ತಾ ಹೋಗುತ್ತದೆ. 1 ಗಂಟೆಯಿಂದ 7 ಗಂಟೆಗೆ ಹೋದರೆ ಹತ್ತರಲ್ಲೊಂದು. ಇನ್ನೊಂದು ಸಲ ಹತ್ತರಲ್ಲೊಂದಾಗಬೇಕಾದರೆ 7ರ ಏಳು ಪಟ್ಟು, ಅಂದರೆ 49 ಗಂಟೆ, ಎರಡು ದಿನ. ಮತ್ತೊಂದು ಸಲಕ್ಕೆ 343 ಗಂಟೆ, ಎರಡು ವಾರಕ್ಕೂ ಸ್ವಲ್ಪ ಜಾಸ್ತಿ. ಮೊದಲ ಇಳಿಕೆ ಊಟ ಮಾಡಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಆಗಿಹೋಗುತ್ತದೆ. ಮೂರನೆಯದಕ್ಕೆ ಎರಡು ವಾರ ಕಾಯಬೇಕು.

ಯಾಕೆ ಹೀಗೆ ಅಂತ ತಿಳಿದವರು ಈ ತಪ್ಪು ಮಾಡುವುದಿಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆ ಧೂಳಿನಲ್ಲಿ ಇರುವುದು ಒಂದೇ ವಿಕಿರಣ ವಸ್ತುವಾಗಿದ್ದರೆ ಅವರ ಲೆಕ್ಕವೇ ಸರಿಯಾಗುತ್ತಿತ್ತು. ಒಂದು ವಸ್ತುವಿಗೆ ಒಂದೇ ಅರ್ಧಾಯು, ಇಷ್ಟು ಗಂಟೆಗೊಮ್ಮೆ ಅರ್ಧ. ಆದರೆ ಯುರೇನಿಯಂ ಅಥವಾ ಪ್ಲುಟೋನಿಯಂ ಪರಮಾಣು ಒಡೆದಾಗ ಹುಟ್ಟುವುದು ನೂರಾರು ಬಗೆಯ ಐಸೊಟೋಪುಗಳು. ಕೆಲವದರ ಅರ್ಧಾಯು ಸೆಕೆಂಡು, ಕೆಲವದರದ್ದು ಗಂಟೆ, ದಿನ, ವರ್ಷ. ಮುಖ್ಯವಾದ ವಿಷಯ ಏನೆಂದರೆ, ಈ ಅರ್ಧಾಯುಗಳು ಪಟ್ಟಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಸಮವಾಗಿ ಹರಡಿಕೊಂಡಿವೆ.

ಸುಲಭಕ್ಕೆ ಮೂರು ಗುಂಪು ಅಂದುಕೊಳ್ಳಿ. ಅರ್ಧಾಯು 1 ಗಂಟೆಯದ್ದು, 7 ಗಂಟೆಯದ್ದು, 49 ಗಂಟೆಯದ್ದು. ಮೂರರಲ್ಲೂ ಅಷ್ಟಷ್ಟೇ ಪರಮಾಣು. ಮೊದಲ ಗಂಟೆಯಲ್ಲಿ ಮೀಟರ್ ಕಿರುಚುವುದು ಬಹುಪಾಲು ಮೊದಲ ಗುಂಪಿನಿಂದ. 7 ಗಂಟೆಯಾಗುವಷ್ಟರಲ್ಲಿ ಆ ಗುಂಪು ಏಳು ಸಲ ಅರ್ಧವಾಗಿ 128ರಲ್ಲೊಂದು ಪಾಲು ಉಳಿದಿರುತ್ತದೆ, ಲೆಕ್ಕಕ್ಕಿಲ್ಲ. ಈಗ ಮುಂದೆ ನಿಂತಿರುವುದು ಎರಡನೇ ಗುಂಪು. ಅದರಲ್ಲೂ ಪರಮಾಣು ಅಷ್ಟೇ ಇದ್ದವು, ಆದರೆ ಅವು ಏಳು ಪಟ್ಟು ಸಾವಕಾಶವಾಗಿ ಒಡೆಯುತ್ತವೆ. ಹಾಗಾಗಿ ಗಂಟೆಗೆ ಒಡೆಯುವ ಪರಮಾಣು ಏಳರಲ್ಲೊಂದು ಪಾಲು. ಯಾವ ಗಳಿಗೆಯಲ್ಲಿ ಅಳೆದರೂ ಜೋರಾಗಿ ಕೆಲಸ ಮಾಡುತ್ತಿರುವುದು ಹತ್ತಿರಹತ್ತಿರ ಆ ಧೂಳಿನ ವಯಸ್ಸಿನಷ್ಟೇ ಅರ್ಧಾಯು ಇರುವ ಗುಂಪು. ಧೂಳಿಗೆ ವಯಸ್ಸಾದಷ್ಟೂ ಮುಂದಿನ ಇಳಿಕೆ ನಿಧಾನವಾಗುವುದು ಅದಕ್ಕೇ.

ಇದರಿಂದ ಏಳಕ್ಕೆ ಏಳು ಬಂತು. ಹತ್ತು ಎಲ್ಲಿಂದ ಬಂತು? ಬೇಗ ಒಡೆಯುವ ಪರಮಾಣು ಸಾಮಾನ್ಯವಾಗಿ ಒಂದೊಂದು ಒಡೆತಕ್ಕೂ ಜಾಸ್ತಿ ಶಕ್ತಿ ಹೊರಹಾಕುತ್ತದೆ. ನಿಧಾನದ್ದು ಕಡಿಮೆ. ಗುಂಪು ಬದಲಾದಂತೆ ಒಡೆತದ ಸಂಖ್ಯೆಯೂ ಇಳಿಯುತ್ತದೆ, ಪ್ರತಿ ಒಡೆತದ ಬಲವೂ ತುಸು ಇಳಿಯುತ್ತದೆ. ಭೌತವಿಜ್ಞಾನಿಗಳಾದ ಕ್ಯಾಥರೀನ್ ವೇ ಮತ್ತು ಯೂಜೀನ್ ವಿಗ್ನರ್ 1948ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಇದು ಕಾಲದ -1.2 ಘಾತವಾಗಿ ಬರುತ್ತದೆ. 7^1.2 ಅಂತ ಕ್ಯಾಲ್ಕುಲೇಟರಿಗೆ ಹಾಕಿ ನೋಡಿ, 10.3 ಬರುತ್ತದೆ. ಏಳು-ಹತ್ತು ಅನ್ನುವುದು ನೆನಪಿಗೆ ಸುಲಭವಾದ ಜೋಡಿ, ಅಷ್ಟೇ.

ಎರಡನೇ ತಪ್ಪು ಮೊದಲನೆಯದರ ತಮ್ಮ: ಮೀಟರ್ ಆನ್ ಮಾಡಿದ ಹೊತ್ತನ್ನೇ ಸೊನ್ನೆ ಅಂತ ಹಿಡಿಯುವುದು. ಒಂದು ಅಣಕು ಕಾರ್ಯಾಚರಣೆಯಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಬಾಂಬ್ ಸಿಡಿದು 5 ಗಂಟೆಯಾಗಿದೆ, ಧೂಳು ಬೀಳುವುದು ನಿಂತಿದೆ, ಮೀಟರ್ ಗಂಟೆಗೆ 200 ಮಿಲಿಸೀವರ್ಟ್ ತೋರಿಸುತ್ತಿದೆ ಅನ್ನುವುದು ಸನ್ನಿವೇಶ. ತಂಡದ ಮುಖ್ಯಸ್ಥ ತುಂಬಾ ಚುರುಕಿನ ಹುಡುಗ. ಇನ್ನು 7 ಗಂಟೆ ಬಿಟ್ಟು 20ಕ್ಕೆ ಇಳಿಯುತ್ತೆ, ಆಗ ಜನರನ್ನು ಹೊರಗೆ ಕರೆದುಕೊಂಡು ಹೋಗೋಣ ಅಂದ. ಆಗ ಧೂಳಿನ ವಯಸ್ಸು 12 ಗಂಟೆ. 5ರಿಂದ 12 ಅಂದರೆ ಎರಡೂವರೆ ಪಟ್ಟೂ ಆಗಲಿಲ್ಲ. ನಿಜವಾದ ದರ 70. 20ಕ್ಕೆ ಇಳಿಯಲು 5ರ ಏಳು ಪಟ್ಟು, 35 ಗಂಟೆ ಬೇಕು. ಕಾಗದದ ಮೇಲಿನ ಆಟವಾದ್ದರಿಂದ ಎಲ್ಲರೂ ನಕ್ಕೆವು, ಪಾಪ ಅವನೂ ನಕ್ಕ.

ಇಲ್ಲಿ ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಹತ್ತು ಪಟ್ಟು ಇಳಿಯುವುದು ದರ, ಮೈಗೆ ಸೇರುವ ಒಟ್ಟು ಡೋಸ್ ಅಲ್ಲ. ಅದೇ ಜಾಗದಲ್ಲಿ ಬಯಲಲ್ಲಿ ನಿಂತವನಿಗೆ 5ರಿಂದ 35 ಗಂಟೆಯೊಳಗೆ ಸುಮಾರು 1600 ಮಿಲಿಸೀವರ್ಟ್ ಬೀಳುತ್ತದೆ. 35ರಿಂದ 245 ಗಂಟೆಯವರೆಗೆ ಇದ್ದರೆ ಸುಮಾರು 1100. ದರ ಹತ್ತರಲ್ಲೊಂದಾಯಿತು ನಿಜ, ಆದರೆ ಅವಧಿ ಏಳು ಪಟ್ಟಾಯಿತಲ್ವಾ? ಹತ್ತರಲ್ಲಿ ಏಳು ಪಾಲು ಹಾಗೇ ಉಳಿಯಿತು. "ಇಳಿದಿದೆ" ಅನ್ನುವುದಕ್ಕೂ "ಅಲ್ಲೇ ಇದ್ದುಬಿಡಬಹುದು" ಅನ್ನುವುದಕ್ಕೂ ಬಹಳ ದೂರ.

1954ರ ಮಾರ್ಚ್ 1ರಂದು ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ಅಮೆರಿಕ ಸಿಡಿಸಿದ ಕ್ಯಾಸಲ್ ಬ್ರಾವೋ ಬಾಂಬಿನ ಧೂಳು ಕೆಲವೇ ಗಂಟೆಗಳಲ್ಲಿ ರೊಂಗೆಲಾಪ್ ದ್ವೀಪದ ಮೇಲೆ ಬೀಳತೊಡಗಿತು. ಅಲ್ಲಿನ ಜನರನ್ನು ತೆರವು ಮಾಡಿದ್ದು ಎರಡು ದಿನ ಕಳೆದ ಮೇಲೆ. ಅಷ್ಟರಲ್ಲಿ ದರ ಬಹಳ ಇಳಿದಿರುತ್ತದೆ. ಕಡಿದಾದ ಇಳಿಜಾರಿನ ಹೊತ್ತನ್ನೆಲ್ಲ ಅವರು ಆ ಧೂಳಿನಲ್ಲೇ ಕಳೆದಾಗಿತ್ತು.

ನಿಯಮಕ್ಕೆ ಮಿತಿ ಇದೆ. ಧೂಳು ಇನ್ನೂ ಬೀಳುತ್ತಿರುವಾಗ ಅದು ನಡೆಯುವುದಿಲ್ಲ, ಮೀಟರಿನ ಓದು ಏರುತ್ತಲೇ ಇರುತ್ತದೆ. ಎರಡು ವಾರದವರೆಗೆ ಕಾಲುಪಾಲಿನಷ್ಟು ಹೆಚ್ಚುಕಮ್ಮಿಯೊಳಗೆ ಸರಿ ಬರುತ್ತದೆ, ಆರು ತಿಂಗಳವರೆಗೆ ಎರಡು ಪಟ್ಟಿನ ತಪ್ಪಿನೊಳಗೆ. ಮಳೆ ತೊಳೆದರೆ, ಗಾಳಿ ಹಾರಿಸಿದರೆ ಲೆಕ್ಕ ಬೇರೆ. ಅಣುಸ್ಥಾವರದ ಅಪಘಾತಕ್ಕಂತೂ ಹಚ್ಚಲೇಬೇಡಿ. ಅಲ್ಲಿನ ಇಂಧನ ತಿಂಗಳುಗಟ್ಟಲೆ ಉರಿದಿರುತ್ತದೆ. ಅಲ್ಪಾಯುವಿನವು ಬಹಳಷ್ಟು ಒಳಗೇ ಮುಗಿದು, ದೀರ್ಘಾಯುವಿನವು ಸೇರಿಕೊಂಡಿರುತ್ತವೆ. ಆ ಧೂಳಿಗೆ ಒಂದೇ ಹುಟ್ಟಿದ ಗಳಿಗೆ ಇಲ್ಲ. ಚೆರ್ನೋಬಿಲ್ ಸುತ್ತ ಇಂದಿಗೂ ಇರುವ ಸೀಸಿಯಂ-137ಕ್ಕೆ 30 ವರ್ಷದ ಅರ್ಧಾಯು.

ಸಿಡಿದ ಸಮಯವೇ ಗೊತ್ತಿಲ್ಲದಿದ್ದರೆ? ಒಂದೇ ಜಾಗದಲ್ಲಿ, ನೆಲದಿಂದ ಒಂದೇ ಎತ್ತರದಲ್ಲಿ, ಮತ್ತೆಮತ್ತೆ ಅಳೆಯಿರಿ. ದರ ಅರ್ಧಕ್ಕೆ ಇಳಿಯಲು ಎಷ್ಟು ಹೊತ್ತು ಹಿಡಿಯಿತು ನೋಡಿ. ಮೊದಲು ಅಳೆದಾಗ ಧೂಳಿನ ವಯಸ್ಸು ಅದರ ಸುಮಾರು 1.3 ಪಟ್ಟು. ಅರ್ಧವಾಗಲು 6 ಗಂಟೆ ಹಿಡಿದಿದ್ದರೆ ಮೊದಲ ಓದಿನ ಹೊತ್ತಿಗೆ ಧೂಳಿಗೆ ಎಂಟು ಗಂಟೆಯ ಆಸುಪಾಸು. ಆಮೇಲೆ ಓದು ಈ ಲೆಕ್ಕದ ಪ್ರಕಾರ ಇಳಿಯದಿದ್ದರೆ ಹೊಸ ಧೂಳು ಬಂದಿರಬಹುದು, ಇಲ್ಲವೇ ಎರಡನೇ ಸ್ಫೋಟದ್ದು ಬೆರೆತಿರಬಹುದು. ಆಗ ನಿಯಮ ಬದಿಗಿಟ್ಟು ಮೀಟರನ್ನೇ ನಂಬಿ.

ನಮ್ಮ ಅಳತೆಯ ಹಾಳೆಯಲ್ಲಿ "ಸಿಡಿದ ಸಮಯ" ಅಂತ ಮೇಲೆಯೇ ಒಂದು ಖಾನೆ ಮಾಡಿಸಿದ್ದೇನೆ, ಕೆಂಪು ಅಕ್ಷರದಲ್ಲಿ. ಹೋದ ತಂಡದ ಹಾಳೆಗಳಲ್ಲಿ ಮೂರರಲ್ಲಿ ಅದು ಖಾಲಿ ಇತ್ತು. ಒಂದರಲ್ಲಿ "ಬೆಳಿಗ್ಗೆ" ಅಂತ ಬರೆದಿದ್ದರು.