ಮೂರು ಸಾವಿರದ ಬಿಲ್ಲು, ಖಾತೆಗೆ ಬಂದದ್ದು 2,929: ಕಾರ್ಡ್ ಶುಲ್ಕ ಯಾರ ಜೇಬಿನಿಂದ?

ಕುಶಾಲನಗರದಿಂದ ಮಡಿಕೇರಿ ಕಡೆಗೆ ಹೋಗುವ ದಾರಿಯುದ್ದಕ್ಕೂ ಕಾಳುಮೆಣಸು, ಜೇನು, ಕಾಫಿಪುಡಿ ಮಾರುವ ಅಂಗಡಿಗಳಿವೆ. ಅಲ್ಲಿ ನನ್ನ ಸೋದರಮಾವನದೂ ಒಂದು. ಕಳೆದ ರಜೆಯಲ್ಲಿ ಹೋದಾಗ ಮಾವ ಫೋನಿನಲ್ಲಿ ಬ್ಯಾಂಕಿನ ಮೆಸೇಜ್ ತೋರಿಸಿ ಕೇಳಿದರು: "ನಿನ್ನೆ ಬೆಂಗಳೂರಿನವರೊಬ್ಬರು ಕಾರ್ಡ್ ಹಾಕಿದ್ರು. ಬಿಲ್ಲು ಮೂರು ಸಾವಿರ. ಬಂದಿರೋದು 2,929 ರೂಪಾಯಿ 20 ಪೈಸೆ. ಮೆಷಿನ್‌ನಲ್ಲಿ ನಾನೇನಾದ್ರೂ ತಪ್ಪು ಒತ್ತಿದ್ನಾ?"

ಒತ್ತಿರಲಿಲ್ಲ. ಅದು ಕ್ರೆಡಿಟ್ ಕಾರ್ಡ್. ಮಾವನ ಮೆಷಿನ್‌ಗೆ ಬ್ಯಾಂಕ್ ಹಾಕಿದ್ದ ದರ ಶೇ 2. ಮೂರು ಸಾವಿರಕ್ಕೆ 60 ರೂಪಾಯಿ ಶುಲ್ಕ, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಅಂದರೆ 10 ರೂಪಾಯಿ 80 ಪೈಸೆ. ಒಟ್ಟು 70 ರೂಪಾಯಿ 80 ಪೈಸೆ ಮುರಿದುಕೊಂಡು ಉಳಿದದ್ದನ್ನು ಬ್ಯಾಂಕ್ ಮರುದಿನ ಖಾತೆಗೆ ಹಾಕಿತ್ತು. ಗ್ರಾಹಕರ ಕೈಗೆ ಹೋದ ಚೀಟಿಯಲ್ಲಿ ಇದರ ಸುಳಿವೇ ಇರುವುದಿಲ್ಲ. ಅಲ್ಲಿ ಕಾಣುವುದು ಮೂರು ಸಾವಿರ ಮಾತ್ರ.

ಈ ಶುಲ್ಕದ ಹೆಸರು ಮರ್ಚೆಂಟ್ ಡಿಸ್ಕೌಂಟ್ ರೇಟ್, ಚಿಕ್ಕದಾಗಿ ಎಂಡಿಆರ್. ಹೆಸರಿನಲ್ಲಿ 'ಡಿಸ್ಕೌಂಟ್' ಇದ್ದರೂ ಗ್ರಾಹಕರಿಗೆ ಸಿಗುವ ರಿಯಾಯಿತಿಗೂ ಇದಕ್ಕೂ ಸಂಬಂಧವಿಲ್ಲ. ಕಾರ್ಡಿನ ಉಬ್ಬಕ್ಷರಗಳನ್ನು ಕಾರ್ಬನ್ ಹಾಳೆಯ ಮೇಲೆ ಉಜ್ಜಿ ಚೀಟಿ ತೆಗೆಯುತ್ತಿದ್ದ ಕಾಲದಲ್ಲಿ ಅಂಗಡಿಯವರು ಆ ಚೀಟಿಗಳನ್ನು ಬ್ಯಾಂಕಿಗೆ ಒಯ್ದು ಕೊಡುತ್ತಿದ್ದರು. ಬ್ಯಾಂಕ್ ಅದರ ಮುಖಬೆಲೆಗಿಂತ ಸ್ವಲ್ಪ ಕಡಿಮೆ ಕೊಟ್ಟು ಕೊಂಡುಕೊಳ್ಳುತ್ತಿತ್ತು. ಆ ಮುರಿತವೇ ಡಿಸ್ಕೌಂಟ್.

ಆ 60 ರೂಪಾಯಿ ಮೂರು ಕಡೆ ಹಂಚಿಹೋಗುತ್ತದೆ. ಮೆಷಿನ್ ಕೊಟ್ಟ ಬ್ಯಾಂಕಿಗೆ ಒಂದಿಷ್ಟು, ನಡುವೆ ಸಂದೇಶ ಸಾಗಿಸುವ ವೀಸಾ, ಮಾಸ್ಟರ್‌ಕಾರ್ಡ್, ರುಪೇಯಂಥ ಜಾಲಕ್ಕೆ ಒಂದಿಷ್ಟು. ದೊಡ್ಡ ಪಾಲು ಸಿಗುವುದು ಗ್ರಾಹಕರಿಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ. ಇದಕ್ಕೆ ಇಂಟರ್‌ಚೇಂಜ್ ಅನ್ನುತ್ತಾರೆ. ಕ್ರೆಡಿಟ್ ಕಾರ್ಡಿನವರು ಕೊಡುವ ರಿವಾರ್ಡ್ ಪಾಯಿಂಟ್, ಕ್ಯಾಶ್‌ಬ್ಯಾಕ್‌ಗಳಿಗೆ ಹಣ ಬರುವುದು ಬಹುಪಾಲು ಇಲ್ಲಿಂದಲೇ.

ಮಾವನಿಗೆ ನಿಜವಾಗಿ ಉರಿಯುವುದು ಬೇರೆ ಕಡೆ. ಶುಲ್ಕ ಹಾಕುವುದು ಲಾಭದ ಮೇಲಲ್ಲ, ಇಡೀ ಬಿಲ್ಲಿನ ಮೇಲೆ. ಮೂರು ಸಾವಿರದ ಮಾಲಿನಲ್ಲಿ ಅವರಿಗೆ ಗಿಟ್ಟುವುದು ಶೇ 10 ಎಂದಿಟ್ಟುಕೊಳ್ಳಿ, ಅಂದರೆ 300 ರೂಪಾಯಿ. ಅದರಲ್ಲಿ 70 ರೂಪಾಯಿ 80 ಪೈಸೆ ಹೋದರೆ ಹೆಚ್ಚುಕಡಿಮೆ ಕಾಲುಭಾಗ ಹೋದಂತೆ. ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟಿ ಮುಗಿಸುವ ಜಿಎಸ್‌ಟಿಯ ಕಾಂಪೋಸಿಷನ್ ಸ್ಕೀಮ್‌ನಲ್ಲಿ ಅವರಿದ್ದಾರೆ. ಆದ್ದರಿಂದ ಆ 10 ರೂಪಾಯಿ 80 ಪೈಸೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಪಡೆಯುವ ದಾರಿಯೂ ಇಲ್ಲ.

ಈ ಹೊರೆ ಯಾರ ಹೆಗಲಿಗೆ ಎಂಬ ಜಗ್ಗಾಟ ಹಳೆಯದು. 2012ರಲ್ಲಿ ರಿಸರ್ವ್ ಬ್ಯಾಂಕ್ ಡೆಬಿಟ್ ಕಾರ್ಡಿಗೆ ಮಿತಿ ಹಾಕಿತು: 2,000 ರೂಪಾಯಿವರೆಗಿನ ಬಿಲ್ಲಿಗೆ ಶೇ 0.75, ಅದಕ್ಕೂ ಮೇಲಿದ್ದರೆ ಶೇ 1. ಅಂಗಡಿಯವರು ಇದನ್ನು ಗ್ರಾಹಕರಿಂದ ವಸೂಲಿ ಮಾಡಲು ಶುರುಮಾಡಿದಾಗ, ಡೆಬಿಟ್ ಕಾರ್ಡಿಗೆ ಹೆಚ್ಚುವರಿ ಹಣ ಕೇಳುವವರನ್ನು ಬಿಡಬೇಡಿ ಎಂದು 2013ರಲ್ಲಿ ಬ್ಯಾಂಕುಗಳಿಗೆ ತಾಕೀತು ಮಾಡಿತು. "ಕಾರ್ಡಾದ್ರೆ ಎರಡು ಪರ್ಸೆಂಟ್ ಜಾಸ್ತಿ" ಎಂಬ ಮಾತು ಇಂದಿಗೂ ಕೌಂಟರಿನಲ್ಲಿ ಕೇಳುತ್ತದೆ. ಡೆಬಿಟ್ ಕಾರ್ಡಿಗೆ ಹಾಗೆ ಕೇಳುವುದು ನಿಯಮಕ್ಕೆ ವಿರುದ್ಧ.

ನೋಟು ರದ್ದಾದ ಮೇಲೆ ಜಗ್ಗಾಟ ಬೀದಿಗೆ ಬಂತು. 2017ರ ಜನವರಿಯಲ್ಲಿ ಕೆಲವು ಬ್ಯಾಂಕುಗಳು ಪೆಟ್ರೋಲ್ ಬಂಕ್‌ಗಳಿಂದ ಶೇ 1ರಷ್ಟು ಶುಲ್ಕ ಕೇಳಿದಾಗ, ಇನ್ನು ಕಾರ್ಡೇ ಬೇಡ ಎಂದು ಡೀಲರ್‌ಗಳು ಘೋಷಿಸಿದರು. ಅವರ ಕಮಿಷನ್ ಲೀಟರಿಗೆ ಇಷ್ಟೇ ಎಂದು ನಿಗದಿಯಾಗಿರುತ್ತದೆ, ಬೆಲೆ ಏರಿಸುವ ಅಧಿಕಾರವೂ ಅವರಿಗಿಲ್ಲ. ಕೊನೆಗೆ ಕೇಂದ್ರ ಸರ್ಕಾರ ನಡುವೆ ಬಂದು, ಶುಲ್ಕವನ್ನು ಡೀಲರ್ ಆಗಲಿ ಗ್ರಾಹಕರಾಗಲಿ ಕೊಡಬೇಕಿಲ್ಲ, ಬ್ಯಾಂಕುಗಳು ಮತ್ತು ತೈಲ ಕಂಪನಿಗಳು ತಮ್ಮಲ್ಲೇ ತೀರಿಸಿಕೊಳ್ಳಲಿ ಎಂದಿತು. ಮೆಣಸಿನ ಅಂಗಡಿಯವರ ಪರವಾಗಿ ಹಾಗೆ ನಿಲ್ಲಲು ಹಿಂದೆ ತೈಲ ಕಂಪನಿಯಿಲ್ಲ.

2018ರ ಜನವರಿಯಿಂದ ಲೆಕ್ಕ ಬದಲಾಯಿತು. ಬಿಲ್ಲಿನ ಮೊತ್ತದ ಬದಲು ಅಂಗಡಿಯ ಗಾತ್ರ ಮುಖ್ಯವಾಯಿತು. ಹಿಂದಿನ ಹಣಕಾಸು ವರ್ಷದ ವಹಿವಾಟು 20 ಲಕ್ಷದೊಳಗಿದ್ದರೆ ಮೆಷಿನ್‌ನಲ್ಲಿ ಡೆಬಿಟ್ ಕಾರ್ಡಿಗೆ ಹೆಚ್ಚೆಂದರೆ ಶೇ 0.40, ಮೇಲಿದ್ದರೆ ಶೇ 0.90. 2020ರ ಜನವರಿ 1ರಿಂದ ರುಪೇ ಡೆಬಿಟ್ ಕಾರ್ಡ್ ಮತ್ತು ಯುಪಿಐ ಮೇಲಿನ ಶುಲ್ಕವನ್ನು ಸರ್ಕಾರ ಸೊನ್ನೆಗಿಳಿಸಿತು. ಕ್ರೆಡಿಟ್ ಕಾರ್ಡಿಗೆ ಮಾತ್ರ ರಿಸರ್ವ್ ಬ್ಯಾಂಕ್ ಮಿತಿಯನ್ನೇ ಹಾಕಿಲ್ಲ. ಅಲ್ಲಿನ ದರ ಬ್ಯಾಂಕ್ ಮತ್ತು ಅಂಗಡಿಯವರ ನಡುವಿನ ಒಪ್ಪಂದ.

ಅದೇ ಮೂರು ಸಾವಿರವನ್ನು ಬೇರೆ ಬೇರೆ ದಾರಿಯಲ್ಲಿ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಮಾವನ ಮುಂದೆ ಲೆಕ್ಕ ಹಾಕಿದೆ. ಬ್ಯಾಂಕ್ ಖಾತೆಯಿಂದ ಯುಪಿಐ ಆಗಿದ್ದರೆ ಪೂರ್ತಿ ಬರುತ್ತಿತ್ತು. ರುಪೇ ಡೆಬಿಟ್ ಆದರೂ ಪೂರ್ತಿ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಡೆಬಿಟ್ ಆಗಿದ್ದು ವಹಿವಾಟು 20 ಲಕ್ಷದೊಳಗಿದ್ದರೆ 12 ರೂಪಾಯಿ, ಜಿಎಸ್‌ಟಿ ಸೇರಿ 14 ರೂಪಾಯಿ 16 ಪೈಸೆ ಹೋಗುತ್ತಿತ್ತು. ಯುಪಿಐನಲ್ಲೂ ಕಣ್ಣಿಗೆ ಬೀಳದ ಒಂದು ಶುಲ್ಕವಿದೆ. ರುಪೇ ಕ್ರೆಡಿಟ್ ಕಾರ್ಡನ್ನು ಫೋನಿಗೆ ಜೋಡಿಸಿಕೊಂಡು ಕ್ಯೂಆರ್ ಸ್ಕ್ಯಾನ್ ಮಾಡುವವರು ಈಗ ಹೆಚ್ಚಿದ್ದಾರೆ. ಸಣ್ಣ ಅಂಗಡಿಗಳಲ್ಲಿ 2,000 ರೂಪಾಯಿವರೆಗೆ ಅದಕ್ಕೆ ಶುಲ್ಕವಿಲ್ಲ. ಮೂರು ಸಾವಿರಕ್ಕಾದರೆ ಕ್ರೆಡಿಟ್ ಕಾರ್ಡಿನಂತೆಯೇ ಮುರಿಯುತ್ತದೆ.

ಸೊನ್ನೆ ಶುಲ್ಕವೆಂದರೆ ಖರ್ಚೇ ಇಲ್ಲವೆಂದಲ್ಲ. ಸಣ್ಣ ಮೊತ್ತದ ಯುಪಿಐ ಪಾವತಿಗಳಿಗಾಗಿ ಸರ್ಕಾರ ಬ್ಯಾಂಕುಗಳಿಗೆ ಪ್ರೋತ್ಸಾಹಧನ ಕೊಡುತ್ತಾ ಬಂದಿದೆ. 2024-25ಕ್ಕೆ ಇದಕ್ಕಾಗಿ ಸುಮಾರು 1,500 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಅದು ತೆರಿಗೆಯ ಹಣ.

ಮಾವನ ಮುಂದಿನ ಪ್ರಶ್ನೆ ಸರಿಯಾಗಿಯೇ ಇತ್ತು: "ನನಗೆ ಹಾಕಿರೋ ರೇಟು ಸರಿಯಿದೆಯಾ ಅಂತ ಗೊತ್ತಾಗೋದು ಹೇಗೆ?" ಮೆಷಿನ್ ಕೊಟ್ಟ ಬ್ಯಾಂಕಿನಿಂದ ತಿಂಗಳ ಮರ್ಚೆಂಟ್ ಸ್ಟೇಟ್‌ಮೆಂಟ್ ತರಿಸಿದೆವು. ಪ್ರತಿ ಬಿಲ್ಲಿನ ಎದುರು ಮೊತ್ತ, ಎಂಡಿಆರ್, ಜಿಎಸ್‌ಟಿ, ಕೊನೆಗೆ ಕೈಗೆ ಬಂದದ್ದು ಎಂದು ಸಾಲುಗಳಿದ್ದವು. ಎಂಡಿಆರ್ ಅನ್ನು ಮೊತ್ತದಿಂದ ಭಾಗಿಸಿ ನೂರರಿಂದ ಗುಣಿಸಿದರೆ ದರ ಸಿಗುತ್ತದೆ. ಮೆಷಿನ್ ಬಾಡಿಗೆ ಬೇರೆ ಲೆಕ್ಕ, ಅದನ್ನು ಇದರೊಳಗೆ ಸೇರಿಸಬಾರದು. ಹಾಗೆ ನೋಡಿದಾಗ ಡೆಬಿಟ್ ಕಾರ್ಡಿನ ಎದುರೂ ಶೇ 0.90 ಇತ್ತು. ಅವರ ಹಿಂದಿನ ವರ್ಷದ ವಹಿವಾಟು 20 ಲಕ್ಷ ಮುಟ್ಟಿರಲಿಲ್ಲ. ಮೆಷಿನ್ ಹಾಕಿಸುವಾಗ ಯಾರೂ ಅವರ ವಹಿವಾಟು ಕೇಳಿರಲೇ ಇಲ್ಲ. ದರ ತಿದ್ದಿ ಎಂದು ಬ್ಯಾಂಕಿಗೆ ಲಿಖಿತವಾಗಿ ಕೊಟ್ಟಿದ್ದೇವೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಕ್ರೆಡಿಟ್ ಕಾರ್ಡಿನ ಶೇ 2 ಮಾತ್ರ ಅಲ್ಲೇ ಉಳಿಯುತ್ತದೆ. ಪ್ರವಾಸಿಗರು ಹೆಚ್ಚುವ ತಿಂಗಳುಗಳಲ್ಲಿ ಮಾವನ ವ್ಯಾಪಾರದ ಅರ್ಧ ಅದರಲ್ಲೇ ಆಗುತ್ತದೆ. ಜಿಎಸ್‌ಟಿ ಸೇರಿದರೆ ಆ ಶೇ 2 ಶೇ 2.36 ಆಗುತ್ತದೆ, ಅಂದರೆ ಒಟ್ಟು ವ್ಯಾಪಾರದ ಮೇಲೆ ಅದರ ಅರ್ಧ, ಶೇ 1.18ರಷ್ಟು ಹೋಗುತ್ತದೆ. ಮೆಣಸು ಕಿಲೋಗೆ 900 ರೂಪಾಯಿಯಾದರೆ ಅದು ಹತ್ತೂವರೆ ರೂಪಾಯಿ. ಕಾರ್ಡಿನವರಿಗೊಂದು ದರ, ನಗದಿನವರಿಗೊಂದು ದರ ಎಂದು ಬರೆದಿಡಲು ಅವರಿಗೆ ಮನಸ್ಸಿಲ್ಲ. ಹಾಗಾಗಿ ಈ ಸಲ ಬೋರ್ಡಿನ ಮೇಲೆ 900 ಅಳಿಸಿ 910 ಬರೆದರು. ಅದೇ ಸಂಜೆ ಪಕ್ಕದ ತೋಟದ ಕಾರ್ಮಿಕರ ಲೈನ್‌ಮನೆಯ ಹೆಂಗಸೊಬ್ಬರು ನೂರು ಗ್ರಾಂ ಮೆಣಸಿಗೆ ಚಿಲ್ಲರೆ ಎಣಿಸಿ 91 ರೂಪಾಯಿ ಕೊಟ್ಟು ಹೋದರು.