ಸುಪ್ರೀಂ ಕೋರ್ಟು ತಡೆ ಕೊಟ್ಟರೆ ಖುಲಾಸೆ ಆದ ಹಾಗೇನಾ?

ಓದುಗರ ಪ್ರಶ್ನೆ: ಕೋಲಾರದ ಭಾಷಣದ ಕೇಸಿನಲ್ಲಿ ರಾಹುಲ್ ಗಾಂಧಿ ಮೂರು ಕೋರ್ಟುಗಳಲ್ಲಿ ಸೋತು, ಕೊನೆಗೆ ಸುಪ್ರೀಂ ಕೋರ್ಟಿನಲ್ಲಿ ನಿರ್ದೋಷಿ ಅನ್ನಿಸಿಕೊಂಡರಲ್ವಾ?

ಉತ್ತರ: ಇಲ್ಲ. ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆ ಅನ್ನೋದನ್ನು ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಪಕ್ಷದ ಜಗಳ ಪಕ್ಕಕ್ಕಿಡಿ, ಆದೇಶಗಳನ್ನು ಮಾತ್ರ ನೋಡೋಣ.

2019ರ ಏಪ್ರಿಲ್ 13ರಂದು ಕೋಲಾರದಲ್ಲಿ ಚುನಾವಣಾ ಭಾಷಣ ಆಯಿತು. ಅದರಲ್ಲಿ ಮೋದಿ ಎಂಬ ಅಡ್ಡಹೆಸರಿನ ಬಗ್ಗೆ ಬಂದ ಮಾತಿಗೆ ಸೂರತ್‌ನ ಶಾಸಕ ಪೂರ್ಣೇಶ್ ಮೋದಿ ಮಾನನಷ್ಟದ ದೂರು ಹಾಕಿದರು. ಸೂರತ್‌ನ ಮುಖ್ಯ ಜುಡಿಷಿಯಲ್ ಮ್ಯಾಜಿಸ್ಟ್ರೇಟರು 2023ರ ಮಾರ್ಚ್ 23ರಂದು ತೀರ್ಪು ಕೊಟ್ಟರು: ದೋಷಿ, ಎರಡು ವರ್ಷ ಸಜೆ. ಅಪೀಲು ಹಾಕಲಿ ಅಂತ ಅವತ್ತೇ ಸಜೆಯನ್ನು 30 ದಿನ ಅಮಾನತಿನಲ್ಲಿಟ್ಟರು. ಮರುದಿನ ಲೋಕಸಭಾ ಸದಸ್ಯತ್ವ ಹೋಯಿತು.

ಸಜೆ ಅಮಾನತಾದ ಮೇಲೂ ಸ್ಥಾನ ಹೋಗಿದ್ದು ಹೇಗೆ? ಗೊಂದಲದ ಬೇರು ಇಲ್ಲೇ ಇದೆ. ‘ನೀನು ತಪ್ಪಿತಸ್ಥ’ ಅನ್ನೋದು ಒಂದು ಮಾತು. ‘ಇಷ್ಟು ದಿನ ಜೈಲು’ ಅನ್ನೋದು ಇನ್ನೊಂದು. ಅಮಾನತಾಗಿದ್ದು ಎರಡನೆಯದು ಮಾತ್ರ. ಜನಪ್ರತಿನಿಧಿ ಕಾಯ್ದೆಯ ಸೆಕ್ಷನ್ 8(3) ಕೇಳುವುದು ದೋಷಿ ಆಗಿದ್ದಾರಾ, ಶಿಕ್ಷೆ ಎರಡು ವರ್ಷಕ್ಕೆ ಕಡಿಮೆ ಇಲ್ಲದ್ದಾ ಅಂತ. ಜೈಲಿಗೆ ಹೋದರಾ ಅಂತ ಅದು ಕೇಳುವುದಿಲ್ಲ.

ಏಪ್ರಿಲ್ 3ರಂದು ಸೂರತ್ ಸೆಷನ್ಸ್ ಕೋರ್ಟಿಗೆ ಹೋದಾಗ ಎರಡು ಕೋರಿಕೆ ಇದ್ದವು. ಒಂದು, ದೋಷಿ ಅನ್ನುವ ತೀರ್ಪನ್ನೇ ಅಳಿಸಿ ಅನ್ನುವ ಮೇಲ್ಮನವಿ. ಇನ್ನೊಂದು, ಅದು ಇತ್ಯರ್ಥ ಆಗುವವರೆಗೆ ಆ ತೀರ್ಪಿಗೆ ತಡೆ ಕೊಡಿ ಅನ್ನುವ ಅರ್ಜಿ. ಜಾಮೀನು ಸಿಕ್ಕಿತು. ಏಪ್ರಿಲ್ 20ರಂದು ತಡೆಯ ಅರ್ಜಿ ವಜಾ ಆಯಿತು. ಗಮನಿಸಿ, ವಜಾ ಆಗಿದ್ದು ಅರ್ಜಿ. ಮೇಲ್ಮನವಿ ಅಲ್ಲೇ ಬಾಕಿ ಉಳಿಯಿತು.

ತಡೆ ಕೊಡಲ್ಲ ಅನ್ನುವ ಆದೇಶದ ಮೇಲೆ ಇನ್ನೊಂದು ಮೇಲ್ಮನವಿಗೆ ದಾರಿ ಇಲ್ಲ. ಹಾಗಾಗಿ ಗುಜರಾತ್ ಹೈಕೋರ್ಟಿಗೆ ಹೋಗಿದ್ದು ರಿವಿಷನ್ ಅರ್ಜಿ. ರಿವಿಷನ್‌ನಲ್ಲಿ ಸಾಕ್ಷಿಗಳನ್ನು ಮತ್ತೆ ಮೊದಲಿನಿಂದ ತೂಗುವುದಿಲ್ಲ. ಕೆಳಗಿನ ಕೋರ್ಟಿನ ಆದೇಶ ಕಾನೂನಿಗೆ ಒಪ್ಪುತ್ತದಾ, ಸರಿಯಾಗಿದೆಯಾ ಅಂತ ನೋಡುತ್ತಾರೆ. ಜುಲೈ 7ರಂದು ಅದೂ ವಜಾ. ‘ಹೈಕೋರ್ಟು ಶಿಕ್ಷೆ ಎತ್ತಿಹಿಡಿಯಿತು’ ಅಂತ ಅವತ್ತು ಎಷ್ಟು ಜನ ಬರೆದರೋ! ಹೈಕೋರ್ಟಿನ ಮುಂದಿದ್ದ ಆದೇಶ ತಡೆ ನಿರಾಕರಿಸಿದ್ದು, ಅಷ್ಟೇ. ಅಂದರೆ ‘ಮೂರು ಕಡೆ ಸೋತರು’ ಅನ್ನುವ ನಿಮ್ಮ ಲೆಕ್ಕವೂ ಅರ್ಧ ಸರಿ. ದೋಷಿ ಅಂತ ತೀರ್ಪು ಕೊಟ್ಟಿದ್ದು ಒಂದೇ ಕೋರ್ಟು.

ಆಗಸ್ಟ್ 4ರಂದು ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಕಾರಣ ಓದಿದರೆ ಮಿಥ್ಯೆ ತಾನಾಗಿ ಉದುರುತ್ತದೆ. ಮಾನನಷ್ಟದ ಸೆಕ್ಷನ್ನಿಗೆ ಗರಿಷ್ಠ ಸಜೆಯೇ ಎರಡು ವರ್ಷ. ಅಷ್ಟನ್ನೂ ಯಾಕೆ ಕೊಟ್ಟೆ ಅಂತ ಮ್ಯಾಜಿಸ್ಟ್ರೇಟರು ಕಾರಣ ಬರೆದಿಲ್ಲ. ಒಂದು ದಿನ ಕಡಿಮೆ ಆಗಿದ್ದರೂ ಅನರ್ಹತೆ ಬರುತ್ತಿರಲಿಲ್ಲ. ಆರಿಸಿದ ಮತದಾರರ ಹಕ್ಕಿಗೂ ಇದು ತಟ್ಟುತ್ತದೆ. ಕೋರ್ಟು ಹೇಳಿದ್ದು ಇದನ್ನು. ಭಾಷಣ ಮಾನಹಾನಿ ಅಲ್ಲ ಅಂತ ಎಲ್ಲೂ ಹೇಳಲಿಲ್ಲ. ಬದಲಿಗೆ, ಆ ಮಾತು ಸದಭಿರುಚಿಯದ್ದಲ್ಲ, ಸಾರ್ವಜನಿಕ ಬದುಕಿನಲ್ಲಿರುವವರು ಎಚ್ಚರದಿಂದ ಮಾತಾಡಬೇಕು ಅಂತ ಹೇಳಿತು. ಖುಲಾಸೆ ಮಾಡುವವರು ಹೀಗೆ ಬರೆಯುತ್ತಾರಾ?

ಕೋಲಾರದವರಿಗೆ ಕೆರೆ ತೂಬು ಗೊತ್ತಿರುತ್ತದೆ. ತೂಬು ಮುಚ್ಚಿದರೆ ಗದ್ದೆಗೆ ನೀರು ನಿಲ್ಲುತ್ತದೆ, ಕೆರೆ ಬತ್ತುವುದಿಲ್ಲ. ತಡೆಯೂ ಹಾಗೇ. ದೋಷಿ ಅನ್ನುವ ತೀರ್ಪಿನ ಪರಿಣಾಮ ನಿಂತಿತು. ಆಗಸ್ಟ್ 7ರಂದು ಸದಸ್ಯತ್ವ ವಾಪಸ್ ಬಂತು. ತೀರ್ಪು ಕಡತದಲ್ಲಿ ಹಾಗೇ ಇತ್ತು. ಅದನ್ನು ಅಳಿಸುವುದೋ ಉಳಿಸುವುದೋ ಅಂತ ಹೇಳಬೇಕಾದದ್ದು ಸೂರತ್‌ನ ಆ ಮೇಲ್ಮನವಿ ಮಾತ್ರ. ತಡೆಯ ಆಯಸ್ಸೂ ಅಲ್ಲಿಯವರೆಗೇ. ಇನ್ನು ಮುಂದೆ ಇಂಥ ಸುದ್ದಿ ಓದುವಾಗ ಆದೇಶದ ಕೊನೆಯ ಸಾಲು ಹುಡುಕಿ. ‘ಮೇಲ್ಮನವಿ ಬಾಕಿ ಇರುವಾಗ’ ಅಂತಿದ್ದರೆ ಅದು ತಡೆ. ‘ದೋಷಿ ಎಂಬ ತೀರ್ಪು ರದ್ದು’ ಅಂತಿದ್ದರೆ ಮಾತ್ರ ಖುಲಾಸೆಯ ಮಾತು.

ಇನ್ನೊಂದು ಪ್ರಶ್ನೆ ಯಾರೂ ಕೇಳಲೇ ಇಲ್ಲ, ನನಗೆ ಅದೇ ಜಾಸ್ತಿ ಕುತೂಹಲ. ಕೋಲಾರದಲ್ಲಿ ಆಡಿದ ಮಾತಿಗೆ ಸೂರತ್ ಯಾಕೆ? ಆಗಿನ ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 179ರ ಪ್ರಕಾರ, ಕೃತ್ಯ ನಡೆದ ಊರಿನಲ್ಲೂ ಅದರ ಪರಿಣಾಮ ತಟ್ಟಿದ ಊರಿನಲ್ಲೂ ಕೇಸು ನಡೆಯಬಹುದು. ಭಾಷಣ ದೇಶವೆಲ್ಲ ಹರಡುತ್ತದೆ, ನೋವಾಯಿತು ಅನ್ನುವವರು ಸೂರತ್‌ನಲ್ಲಿದ್ದರು. ಆದರೆ ಆರೋಪಿ ಆ ಕೋರ್ಟಿನ ವ್ಯಾಪ್ತಿಯ ಹೊರಗೆ ವಾಸ ಇದ್ದರೆ, ಸಮನ್ಸ್ ಕಳಿಸುವ ಮೊದಲು ಮ್ಯಾಜಿಸ್ಟ್ರೇಟರು ವಿಚಾರಣೆ ಮಾಡಲೇಬೇಕು ಅಂತ ಸೆಕ್ಷನ್ 202 ಹೇಳುತ್ತಿತ್ತು. ದೂರದೂರಿನಿಂದ ಸುಮ್ನೆ ಯಾರನ್ನೋ ಎಳೆದು ತರಬಾರದು ಅಂತಲೇ ಆ ಮಾತನ್ನು 2005ರ ತಿದ್ದುಪಡಿಯಲ್ಲಿ ಸೇರಿಸಿದ್ದು.